ಶೇ. 72ರಿಂದ ಶೇ. 58ಕ್ಕೆ: ರೋಡ್‌ಮ್ಯಾಪ್‌ನ ಪಟ್ಟಿ ಹಿಂದೆ ಸರಿದ ವಾರ

ಮೇ ತಿಂಗಳ ಕೊನೆಯ ಸೋಮವಾರ. ಸಭೆಯ ಕೋಣೆಯ ಪರದೆಯ ಮೇಲೆ, ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ರೋಡ್‌ಮ್ಯಾಪ್‌ನ ಉದ್ದನೆಯ ಅಡ್ಡಪಟ್ಟಿಯೊಂದು ಕಾಣುತ್ತಿತ್ತು. ಏಪ್ರಿಲ್ 1ರಿಂದ ಜೂನ್ 30ರವರೆಗೆ ಹರಡಿದ್ದ ಆ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹಸಿರು ತುಂಬಿತ್ತು, ಪಕ್ಕದಲ್ಲಿ ಶೇ. 72 ಎಂದು ಬರೆದಿತ್ತು. 'ಇಂದು' ಎಂದು ತೋರಿಸುವ ಸಣ್ಣ ಗೆರೆ ಹಸಿರಿನ ಅಂಚಿಗಿಂತ ಸಾಕಷ್ಟು ಹಿಂದೆಯೇ ನಿಂತಿತ್ತು. ನೋಡಿದವರಿಗೆ ಎಲ್ಲರಿಗೂ ಸಮಾಧಾನ. ಒಂದು ವಾರ ಕಳೆದು ಅದೇ ಪಟ್ಟಿಯನ್ನು ತೆರೆದಾಗ ಶೇ. 58 ಇತ್ತು. ನಡುವಿನ ಐದು ದಿನ ತಂಡದವರು ಯಾರೂ ಸುಮ್ಮನೆ ಕುಳಿತಿರಲಿಲ್ಲ. ನಾಲ್ಕು ಕೆಲಸಗಳನ್ನು ಮುಗಿಸಿದ್ದರು, ಮಾಡಿದ್ದನ್ನು ಯಾರೂ ಕೆಡವಿರಲಿಲ್ಲ. "ಹಿಂದಕ್ಕೆ ಹೋಗುವುದು ಹೇಗೆ?" ಎಂದು ಮೇಲಿನವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಆ ದಿನ ಆಗಲಿಲ್ಲ. ಆ ಉತ್ತರವನ್ನು ಈಗ ಬಿಡಿಸಿ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ಬಸ್ ಸಂಸ್ಥೆಯೊಂದರ ಹಳೆಯ ಸೀಟು ಕಾಯ್ದಿರಿಸುವ ವ್ಯವಸ್ಥೆಯನ್ನು ನಿಲ್ಲಿಸಿ ಹೊಸದಕ್ಕೆ ಸಾಗಿಸುವುದು. ಇಷ್ಟು ದೊಡ್ಡ ಗುರಿಯನ್ನು ನಮ್ಮ ವೃತ್ತಿಯಲ್ಲಿ ಇನಿಷಿಯೇಟಿವ್ ಎನ್ನುತ್ತಾರೆ. ಅದರ ಕೆಳಗೆ ಎಪಿಕ್‌ಗಳು ಬರುತ್ತವೆ. ಒಂದೊಂದು ಎಪಿಕ್ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಹಿಡಿಯುವ ಕೆಲಸದ ಕಟ್ಟು. ಎಪಿಕ್‌ನ ಕೆಳಗೆ ಸ್ಟೋರಿಗಳಿವೆ. ಒಬ್ಬರೋ ಇಬ್ಬರೋ ಕೆಲವು ದಿನಗಳಲ್ಲಿ ಮುಗಿಸಬಹುದಾದ ತುಂಡುಗಳು ಅವು. ಅವನ್ನು ಟಿಕೆಟ್ ಎನ್ನುವುದೂ ಉಂಟು, ಬಸ್ಸಿನ ಟಿಕೆಟ್ಟಿನ ಜೊತೆ ಗೊಂದಲವಾಗಬಾರದೆಂದು ಇಲ್ಲಿ ಅವನ್ನು ಕಾರ್ಡ್ ಎಂದೇ ಕರೆಯುತ್ತೇನೆ. ಈ ಹೆಸರುಗಳು ಇಂಥ ಕೆಲಸಗಳ ಲೆಕ್ಕವಿಡುವ ಜಿರಾ ಎಂಬ ಸಾಧನ ಬಳಸುವವರಿಗೆ ಪರಿಚಿತ. ಅಂಥದ್ದೇ ಇನ್ನೊಂದು ಸಾಧನವಾದ ಅಜೂರ್ ಡೆವ್‌ಆಪ್ಸ್‌ನಲ್ಲಿ ಎಪಿಕ್‌ಗೂ ಸ್ಟೋರಿಗೂ ನಡುವೆ ಫೀಚರ್ ಎಂಬ ಇನ್ನೊಂದು ಮೆಟ್ಟಿಲಿದೆ. ಹಾಗಾಗಿ ಎರಡು ಕಚೇರಿಗಳವರು 'ಒಂದು ಎಪಿಕ್' ಎಂದಾಗ ಒಂದೇ ಗಾತ್ರದ ವಸ್ತುವನ್ನು ಹೇಳುತ್ತಿದ್ದಾರೆ ಎಂದುಕೊಳ್ಳುವಂತಿಲ್ಲ.

ರೋಡ್‌ಮ್ಯಾಪ್ ನೋಟ ಮಾಡುವುದು ಇಷ್ಟು. ಕಾರ್ಡ್ ಮುಗಿದಿದೆಯೇ ಇಲ್ಲವೇ ಎಂಬುದನ್ನು ಕೆಳಗಿನಿಂದ ಓದಿಕೊಂಡು ಎಪಿಕ್‌ನಲ್ಲಿ ಕೂಡಿಸುತ್ತದೆ, ಎಪಿಕ್‌ಗಳನ್ನು ಇನಿಷಿಯೇಟಿವ್‌ನಲ್ಲಿ ಕೂಡಿಸುತ್ತದೆ, ಬಂದ ಮೊತ್ತವನ್ನು ಒಂದು ಪಟ್ಟಿಯಾಗಿ ಚಿತ್ರಿಸುತ್ತದೆ. ನೂರಾರು ಕಾರ್ಡ್‌ಗಳನ್ನು ನೋಡಲು ಪುರುಸೊತ್ತಿಲ್ಲದವರಿಗೆ ಇದು ಬೇಕೇ ಬೇಕು. ಆದರೆ 'ಕೂಡಿಸುತ್ತದೆ' ಎಂಬ ಆ ಒಂದು ಮಾತಿನೊಳಗೆ ಹಲವು ಲೆಕ್ಕಗಳಿವೆ, ಒಂದೊಂದಕ್ಕೂ ಒಂದೊಂದು ಉತ್ತರ ಬರುತ್ತದೆ.

ನಮ್ಮ ಇನಿಷಿಯೇಟಿವ್‌ನಲ್ಲಿ ಮೂರು ಎಪಿಕ್‌ಗಳಿದ್ದವು. ಮೊದಲನೆಯದು ಪರದೆಗಳು: ಪ್ರಯಾಣಿಕರು ಬಸ್ ಹುಡುಕುವ, ಸೀಟು ಆರಿಸುವ ಪುಟಗಳು. ಅದರಲ್ಲಿ 30 ಕಾರ್ಡ್‌ಗಳು, 27 ಮುಗಿದಿದ್ದವು. ಎರಡನೆಯದು ಪಾವತಿ ಮತ್ತು ಮರುಪಾವತಿ: 12 ಕಾರ್ಡ್‌ಗಳು, 6 ಮುಗಿದಿದ್ದವು. ಮೂರನೆಯದು ಹಳೆಯ ದತ್ತಾಂಶದ ವರ್ಗಾವಣೆ: 4 ಕಾರ್ಡ್‌ಗಳು, ಒಂದೂ ಮುಗಿದಿರಲಿಲ್ಲ. ಪ್ರತಿ ಕಾರ್ಡಿಗೂ ಅದರ ಭಾರವನ್ನು ಅಂದಾಜಿಸಿ ಸ್ಟೋರಿ ಪಾಯಿಂಟ್ ಕೊಡುವುದು ವಾಡಿಕೆ. ಪರದೆಗಳಿಗೆ ಒಟ್ಟು 60 ಪಾಯಿಂಟ್, ಅದರಲ್ಲಿ 54 ಮುಗಿದಿದ್ದವು. ಪಾವತಿಗೆ 48, ಮುಗಿದದ್ದು 18. ವರ್ಗಾವಣೆಯ ನಾಲ್ಕು ಕಾರ್ಡ್‌ಗಳಲ್ಲಿ ಒಂದಕ್ಕೆ ಮಾತ್ರ 8 ಪಾಯಿಂಟ್ ಎಂದು ಬರೆದಿತ್ತು. ಉಳಿದ ಮೂರು ಎಷ್ಟು ಭಾರವೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಆ ಜಾಗ ಖಾಲಿ ಇತ್ತು.

ಅದೇ ಸೋಮವಾರ, ಅದೇ ಕಾರ್ಡ್‌ಗಳ ಮೇಲೆ ಮೂರು ಲೆಕ್ಕ ಹಾಕಬಹುದಿತ್ತು:

```
ಕಾರ್ಡ್ ಎಣಿಕೆ:        (27 + 6 + 0) / (30 + 12 + 4)  = 33/46  = 72%
ಪಾಯಿಂಟ್ ಲೆಕ್ಕ:       (54 + 18 + 0) / (60 + 48 + 8) = 72/116 = 62%
ಎಪಿಕ್‌ಗಳ ಸರಾಸರಿ:     (90% + 50% + 0%) / 3                   = 47%
```

ಮೂರರಲ್ಲಿ ಯಾವುದೂ ತಪ್ಪು ಲೆಕ್ಕವಲ್ಲ. ಮೊದಲನೆಯದು ಪ್ರತಿ ಕಾರ್ಡನ್ನೂ ಸಮವೆಂದು ಎಣಿಸುತ್ತದೆ. ಹಾಗಾಗಿ ಗುಂಡಿಯೊಂದರ ಬಣ್ಣ ಬದಲಿಸಿದ ಕಾರ್ಡಿಗೂ ಬ್ಯಾಂಕಿನ ಜೊತೆ ಹಣ ತಾಳೆ ನೋಡುವ ಕಾರ್ಡಿಗೂ ಒಂದೇ ಬೆಲೆ. ಎರಡನೆಯದು ಭಾರವನ್ನು ಗಮನಿಸುತ್ತದೆ, ಆದರೆ ಭಾರ ಬರೆಯದ ಕಾರ್ಡನ್ನು ಸೊನ್ನೆಯೆಂದು ಹಿಡಿಯುತ್ತದೆ. ಮೂರನೆಯದು ಎಲ್ಲ ಎಪಿಕ್‌ಗಳನ್ನೂ ಸಮವೆಂದು ನೋಡುತ್ತದೆ, ಅವುಗಳ ಗಾತ್ರ ಏನೇ ಇರಲಿ. ಕೈಯಿಂದ ತಯಾರಿಸಿದ ಎಕ್ಸೆಲ್ ಹಾಳೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮೂರನೆಯದೇ, ಶೇಕಡಾವಾರುಗಳ ಸಾಲೊಂದರ ಕೆಳಗೆ ಸರಾಸರಿ ಹಾಕಿಬಿಡುವುದು ಸುಲಭವಾದ್ದರಿಂದ.

ಸಾಧನಗಳು ಈ ಆಯ್ಕೆಯನ್ನು ಬಚ್ಚಿಡುವುದಿಲ್ಲ. ಗಿಟ್‌ಲ್ಯಾಬ್‌ನ ರೋಡ್‌ಮ್ಯಾಪ್‌ನಲ್ಲಿ ಪ್ರಗತಿಯನ್ನು ಎಣಿಕೆಯಿಂದ ಅಳೆಯಬೇಕೇ ತೂಕದಿಂದ ಅಳೆಯಬೇಕೇ ಎಂದು ಆರಿಸಿಕೊಳ್ಳಬಹುದು. ಜಿರಾದ ಪ್ಲಾನ್ಸ್ ನೋಟದಲ್ಲಿ ಅಂದಾಜಿನ ಆಧಾರದ ಪ್ರಗತಿಗೂ ಎಣಿಕೆಯ ಆಧಾರದ ಪ್ರಗತಿಗೂ ಬೇರೆಬೇರೆ ಕಾಲಂಗಳಿವೆ. ಆದರೆ ಆ ಚಿತ್ರವನ್ನು ಕತ್ತರಿಸಿ ಸ್ಲೈಡಿಗೆ ಅಂಟಿಸುವಾಗ ಉಳಿಯುವುದು ಶೇ. 72 ಎಂಬ ಅಂಕಿ ಮಾತ್ರ, ಯಾವ ಲೆಕ್ಕ ಎಂಬುದು ಉದುರಿಹೋಗುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಇಂಥ ಸ್ಲೈಡ್ ನಿಮ್ಮ ಮುಂದೆ ಬಂದರೆ ಮೊದಲು ಕೇಳಬೇಕಾದ್ದು 'ಯಾವುದರ ಶೇಕಡಾ?' ಎಂದು.

ಈಗ ಆ ವಾರ ಏನಾಯಿತು ಎಂಬುದಕ್ಕೆ ಬರುತ್ತೇನೆ.

ವರ್ಗಾವಣೆ ಎಪಿಕ್‌ನ ನಾಲ್ಕು ಕಾರ್ಡ್‌ಗಳಲ್ಲಿ ಒಂದರ ಹೆಸರು 'ನಿಲ್ದಾಣಗಳ ವಿವರ ವರ್ಗಾವಣೆ' ಎಂದಿತ್ತು. ಬರೆದಾಗ ಅದು ಒಂದು ದಿನದ ಕೆಲಸವೆಂದು ನಾವೆಲ್ಲ ಭಾವಿಸಿದ್ದೆವು. ಹಳೆಯ ಕೋಷ್ಟಕವನ್ನು ಓದು, ಹೊಸ ಕೋಷ್ಟಕಕ್ಕೆ ಬರೆ, ಮುಗಿಯಿತು. ಮಂಗಳವಾರ ಆ ಕಾರ್ಡನ್ನು ಕೈಗೆತ್ತಿಕೊಂಡ ಸಹೋದ್ಯೋಗಿ ಕೋಷ್ಟಕವನ್ನು ತೆರೆದಾಗ ನಿಲ್ದಾಣಗಳ ಕನ್ನಡ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಂಡವು. ಹಳೆಯ ವ್ಯವಸ್ಥೆಯಲ್ಲಿ ಕನ್ನಡವನ್ನು ಯೂನಿಕೋಡ್‌ನಲ್ಲಿ ಇಟ್ಟಿರಲಿಲ್ಲ, ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಇಟ್ಟಿದ್ದರು. ಫಾಂಟು ಇದ್ದರೆ ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಕಲಸುಮೇಲೋಗರ.

ಪರಿವರ್ತಿಸುವ ಒಂದು ಪುಟ್ಟ ಪ್ರೋಗ್ರಾಮ್ ಬರೆದದ್ದಾಯಿತು. ಶಿವಮೊಗ್ಗ, ಸಾಗರ, ಉಡುಪಿ ಎಲ್ಲ ಸರಿಯಾಗಿ ಬಂದವು. ಆದರೆ ಧರ್ಮಸ್ಥಳ 'ಧಮರ್ಸ್ಥಳ'ವಾಯಿತು, ತೀರ್ಥಹಳ್ಳಿ 'ತೀಥರ್ಹಳ್ಳಿ'ಯಾಯಿತು, ಕಾರ್ಕಳ 'ಕಾಕರ್ಳ'ವಾಯಿತು. ಕಾರಣ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ 'ರ್' ಮೊದಲು, ಅಕ್ಷರ ಆಮೇಲೆ. ಒಂದೊಂದು ಗುರುತನ್ನು ಅದಿದ್ದ ಜಾಗದಲ್ಲೇ ಬದಲಿಸುತ್ತ ಹೋದರೆ ಸಾಲದು, ಹಿಂದಿನ ಅಕ್ಷರ ಎಲ್ಲಿಂದ ಶುರುವಾಗುತ್ತದೆಂದು ಹುಡುಕಿ 'ರ್' ಅನ್ನು ಅದರ ಮುಂದಕ್ಕೆ ತರಬೇಕು. ಸಾಲದ್ದಕ್ಕೆ ಕೆಲವು ನಿಲ್ದಾಣಗಳನ್ನು ಇತ್ತೀಚಿನ ವರ್ಷಗಳಲ್ಲಿ ಯೂನಿಕೋಡ್‌ನಲ್ಲಿಯೇ ಸೇರಿಸಿದ್ದರು. ಅವನ್ನೂ ಪರಿವರ್ತಕದೊಳಗೆ ಹಾಕಿದರೆ ಸರಿಯಿದ್ದದ್ದು ಕೆಡುತ್ತಿತ್ತು. ಯಾವ ಸಾಲು ಯಾವ ಬಗೆಯದು ಎಂದು ಬೇರ್ಪಡಿಸುವುದೇ ಇನ್ನೊಂದು ಕೆಲಸವಾಯಿತು.

ಅಷ್ಟು ತಿಳಿದ ಮೇಲೆ ಆ ಒಂದು ಕಾರ್ಡ್ ಐದಾಗಿ ಒಡೆಯಿತು: ಬಗೆ ಗುರುತಿಸುವುದು, ಪರಿವರ್ತಿಸುವುದು, ಅರ್ಕಾವತ್ತಿರುವ ಹೆಸರುಗಳನ್ನು ಕಣ್ಣಾರೆ ಪರೀಕ್ಷಿಸುವುದು, ಒಂದೇ ನಿಲ್ದಾಣ ಎರಡು ಕಾಗುಣಿತದಲ್ಲಿ ದಾಖಲಾಗಿರುವುದನ್ನು ಒಂದಾಗಿಸುವುದು, ಮುದ್ರಿತ ಟಿಕೆಟ್ಟಿನ ಮೇಲೆ ಹೆಸರು ಸರಿಯಾಗಿ ಬರುವುದೇ ಎಂದು ನೋಡುವುದು. ಉಳಿದ ಮೂರು ಕಾರ್ಡ್‌ಗಳನ್ನೂ ಇದೇ ಬಗೆಯಲ್ಲಿ ತೆರೆದು ನೋಡಿದೆವು. ಶುಕ್ರವಾರದ ಹೊತ್ತಿಗೆ ವರ್ಗಾವಣೆಯ 4 ಕಾರ್ಡ್‌ಗಳು 22 ಆಗಿದ್ದವು, 8 ಪಾಯಿಂಟ್ 80 ಆಗಿತ್ತು. ಪಾವತಿಯ ತಂಡ ಅದೇ ವಾರ 14 ಪಾಯಿಂಟಿನ ನಾಲ್ಕು ಕಾರ್ಡ್ ಮುಗಿಸಿತ್ತು.

```
ಕಾರ್ಡ್ ಎಣಿಕೆ:    37/64  = 58%   (ಹಿಂದಿನ ವಾರ 72%)
ಪಾಯಿಂಟ್ ಲೆಕ್ಕ:   86/188 = 46%   (ಹಿಂದಿನ ವಾರ 62%)
```

ಶೇಕಡಾವಾರು ಒಂದು ಭಿನ್ನರಾಶಿ. ಮೇಲಿನ ಅಂಶ ನಾವು ಮಾಡಿದ ಕೆಲಸ. ಕೆಳಗಿನ ಛೇದವನ್ನು ನಾವೆಲ್ಲ 'ಒಟ್ಟು ಕೆಲಸ' ಎಂದು ಓದುತ್ತೇವೆ, ಆದರೆ ಅಲ್ಲಿರುವುದು ನಾವು ಇಲ್ಲಿಯವರೆಗೆ ಬರೆದಿಟ್ಟ ಕೆಲಸ. ಅರ್ಕಾವತ್ತಿನ ಸಮಸ್ಯೆ ಹಿಂದಿನ ಸೋಮವಾರವೂ ಇತ್ತು, ಕಳೆದ ವರ್ಷವೂ ಇತ್ತು. ನಮ್ಮ ಛೇದದಲ್ಲಿ ಅದು ಇರಲಿಲ್ಲ, ಅಷ್ಟೇ. ಶೇ. 72 ಎಂಬುದು ನಮ್ಮ ತಿಳಿವಳಿಕೆಯ ಶೇ. 72 ಆಗಿತ್ತು. ವಾರದ ಕೊನೆಗೆ ತಿಳಿವಳಿಕೆ ಹೆಚ್ಚಿತು, ಅಂಕಿ ಇಳಿಯಿತು. ಆ ಇಡೀ ತಿಂಗಳಲ್ಲಿ ನಾವು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಆ 18 ಹೊಸ ಕಾರ್ಡ್‌ಗಳನ್ನು ಬರೆದದ್ದು ಎಂದು ನಾನು ಈಗಲೂ ನಂಬುತ್ತೇನೆ. ಪಟ್ಟಿಯ ಮೇಲೆ ಅದು ಸೋಲಿನಂತೆ ಕಂಡಿತು.

ಕೆಡುಕು ಶುರುವಾಗುವುದು ಇಲ್ಲಿಂದಲೇ. ಪಟ್ಟಿ ಹಿಂದೆ ಸರಿದಾಗಲೆಲ್ಲ ವಿವರಣೆ ಕೇಳಿದರೆ ತಂಡ ಬೇಗ ಒಂದು ಪಾಠ ಕಲಿಯುತ್ತದೆ: ಗೊತ್ತಿಲ್ಲದ ಕೆಲಸವನ್ನು ತೆರೆದು ನೋಡಬೇಡ, ತೆರೆದರೂ ಕಾರ್ಡ್ ಬರೆಯಬೇಡ. ಸುಲಭವಾದ ಪರದೆಗಳನ್ನು ಸಣ್ಣಸಣ್ಣ ಕಾರ್ಡ್‌ಗಳಾಗಿ ಒಡೆ, ಕಷ್ಟದ್ದನ್ನು ಇಡಿಯಾಗಿ ಬಿಡು. ಯಾರೂ ಮೋಸ ಮಾಡಬೇಕೆಂದು ಹಾಗೆ ಮಾಡುವುದಿಲ್ಲ. ಪರಿಚಿತವಾದ ಕೆಲಸವನ್ನು ಚೂರು ಮಾಡುವುದು ಹೇಗೂ ಸುಲಭ, ಅಪರಿಚಿತವಾದದ್ದನ್ನು ಒಡೆಯುವುದು ಕಷ್ಟ. ಪರಿಣಾಮವಾಗಿ ಛೇದದಲ್ಲಿ ಗೊತ್ತಿರುವ ಕೆಲಸ ದಪ್ಪವಾಗಿಯೂ ಗೊತ್ತಿಲ್ಲದ ಕೆಲಸ ತೆಳ್ಳಗೂ ಇರುತ್ತದೆ. ಮೊದಲು ಮುಗಿಯುವುದೂ ಗೊತ್ತಿರುವ ಕೆಲಸವೇ. ಹಾಗಾಗಿ ಪಟ್ಟಿ ಆರಂಭದಲ್ಲಿ ಓಡುತ್ತದೆ, ಕೊನೆಯಲ್ಲಿ ತೆವಳುತ್ತದೆ.

ಎಪಿಕ್‌ನ ಮಟ್ಟದಲ್ಲಿ ನೋಡಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿತ್ತು. ಶೇ. 90, ಶೇ. 50, ಶೇ. 0 ಎಂಬ ಮೂರು ಸಾಲುಗಳನ್ನು ಒಟ್ಟಿಗೆ ಕಂಡವರು ಮೂರನೆಯದರ ಬಗ್ಗೆ ಕೇಳದೆ ಇರುತ್ತಿರಲಿಲ್ಲ. ಮೇಲಕ್ಕೆ ಕೂಡಿಸಿದಾಗ ಆ ಸೊನ್ನೆ ಕರಗಿಹೋಯಿತು. 46ರಲ್ಲಿ 4 ಕಾರ್ಡ್ ಎಂದರೆ ಶೇ. 9ರಷ್ಟೂ ಅಲ್ಲ, ಇಡೀ ಎಪಿಕ್ ನಿಂತೇ ಇದ್ದರೂ ಮೇಲಿನ ಪಟ್ಟಿ ಶೇ. 91 ಮುಟ್ಟಬಹುದಿತ್ತು. ಆದರೆ ಹಳೆಯ ದತ್ತಾಂಶ ಬಾರದೆ ಹೊಸ ವ್ಯವಸ್ಥೆಯನ್ನು ಒಂದು ದಿನವೂ ನಡೆಸುವಂತಿರಲಿಲ್ಲ. ಮೂರು ಎಪಿಕ್‌ಗಳು ಒಂದಕ್ಕೊಂದು ಸೇರಿಸುವ ಮೊತ್ತಗಳಲ್ಲ. ಬಸ್ಸಿಗೆ ಎಂಜಿನ್, ಚಕ್ರ, ಸೀಟು ಇದ್ದ ಹಾಗೆ, ಮೂರೂ ಇದ್ದರೆ ಮಾತ್ರ ಅದು ಹೊರಡುತ್ತದೆ. ಸೀಟುಗಳು ಶೇ. 90 ಸಿದ್ಧ, ಚಕ್ರ ಶೇ. 50, ಎಂಜಿನ್ ಇಲ್ಲ ಎಂದಾಗ ಬಸ್ಸು ಶೇ. 47 ಹೊರಟಿದೆ ಎನ್ನುವುದಿಲ್ಲ.

ಇನ್ನು ಆ 'ಇಂದು' ಗೆರೆ. ಆ ದಿನ ನನ್ನನ್ನು ಅತಿ ಹೆಚ್ಚು ತಪ್ಪುದಾರಿಗೆಳೆದದ್ದು ಅಂಕಿಯಲ್ಲ, ಆ ಗೆರೆ. ರೋಡ್‌ಮ್ಯಾಪ್‌ನಲ್ಲಿ ಪಟ್ಟಿಯ ಉದ್ದ ದಿನಾಂಕಗಳಿಂದ ಬರುತ್ತದೆ. ನಮ್ಮದು 91 ದಿನ, ಆ ಸೋಮವಾರ ಸುಮಾರು 55 ದಿನ ಕಳೆದಿದ್ದವು, ಅಂದರೆ ಗೆರೆ ಶೇ. 60ರ ಹತ್ತಿರ. ಒಳಗಿನ ಹಸಿರು ಕಾರ್ಡ್ ಎಣಿಕೆಯಿಂದ ಬಂದ ಶೇ. 72. ಎರಡನ್ನೂ ಒಂದೇ ಪಟ್ಟಿಯ ಮೇಲೆ ಚಿತ್ರಿಸಿದಾಗ ಕಣ್ಣು ತಾನಾಗಿಯೇ ಹೋಲಿಸಿ 'ಹನ್ನೆರಡು ಮುಂದಿದ್ದೇವೆ' ಎನ್ನುತ್ತದೆ. ಆದರೆ ಒಂದು ದಿನಗಳ ಅಳತೆ, ಇನ್ನೊಂದು ಕಾರ್ಡ್‌ಗಳ ಅಳತೆ. ಕಾರ್ಡ್‌ಗಳೆಲ್ಲ ಒಂದೇ ಗಾತ್ರದವಾಗಿದ್ದು, ಒಂದೇ ವೇಗದಲ್ಲಿ ಮುಗಿಯುತ್ತಿದ್ದು, ಹೊಸದೊಂದೂ ಸೇರದಿದ್ದರೆ ಮಾತ್ರ ಆ ಹೋಲಿಕೆಗೆ ಅರ್ಥವಿದೆ. ದಿನಾಂಕವನ್ನೇ ಹಾಕದ ಎಪಿಕ್‌ಗೆ ಇನ್ನೊಂದು ತೊಡಕಿದೆ: ಜಿರಾದ ಕಾಲರೇಖೆಯಲ್ಲಿ ಅದಕ್ಕೆ ಪಟ್ಟಿಯೇ ಮೂಡುವುದಿಲ್ಲ. ನಮ್ಮ ವರ್ಗಾವಣೆ ಎಪಿಕ್ ಹಾಗೆಯೇ ಇತ್ತು. ಎಷ್ಟು ದಿನ ಬೇಕೆಂದು ಗೊತ್ತಿಲ್ಲದ್ದರಿಂದ ದಿನಾಂಕ ಹಾಕಿರಲಿಲ್ಲ, ಹಾಕದ್ದರಿಂದ ಪರದೆಯ ಮೇಲೆ ಒಂದು ಖಾಲಿ ಸಾಲು, ಖಾಲಿ ಸಾಲನ್ನು ಯಾರೂ ಗಮನಿಸಲಿಲ್ಲ.

ಪಾಯಿಂಟ್ ಲೆಕ್ಕಕ್ಕೆ ಬದಲಾಯಿಸಿದರೆ ಸರಿಹೋಗುವುದಿಲ್ಲವೇ ಎಂದು ಆಗ ಹಲವರು ಕೇಳಿದರು. ಸ್ವಲ್ಪ ಸರಿಹೋಗುತ್ತದೆ, ಅಂದಾಜು ಮಾಡಿದ ಕಾರ್ಡ್‌ಗಳ ಮಟ್ಟಿಗೆ. ಖಾಲಿ ಬಿಟ್ಟವು ಮೊದಲೇ ಹೇಳಿದಂತೆ ಸೊನ್ನೆಯಾಗಿ ಕೂರುತ್ತವೆ. ಇನ್ನೊಂದು ತೊಂದರೆ ಎರಡು ತಂಡಗಳ ಪಾಯಿಂಟ್‌ಗಳನ್ನು ಕೂಡಿಸಿದಾಗ ಬರುತ್ತದೆ. ಸ್ಟೋರಿ ಪಾಯಿಂಟ್ ಎಂಬುದು ಒಂದು ತಂಡ ತನ್ನೊಳಗೆ ಒಪ್ಪಿಕೊಂಡ ಅಳತೆ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಾಗಿರಲಿಲ್ಲ, ಕೊಳಗವೂ ಹಾಗೆಯೇ. ಊರೊಳಗಿನ ವ್ಯಾಪಾರಕ್ಕೆ ಅದರಿಂದ ತೊಂದರೆಯಿರಲಿಲ್ಲ, ಎರಡೂರಿನ ರಾಗಿಯನ್ನು ಒಂದೇ ಲೆಕ್ಕದ ಪುಸ್ತಕದಲ್ಲಿ ಕೂಡಿಸಿದಾಗ ತೊಂದರೆ. ನಮ್ಮ ಪರದೆಯ ತಂಡ 5 ಎಂದು ಕರೆಯುತ್ತಿದ್ದ ಕೆಲಸವನ್ನು ಪಾವತಿಯ ತಂಡ 3 ಎನ್ನುತ್ತಿತ್ತು. ಹಾಗೆ ಕೂಡಿಸಿದ 116ಕ್ಕೆ ಯಾವ ಮಾನವೂ ಇಲ್ಲ.

'ಮುಗಿದಿದೆ' ಎಂಬ ಮಾತನ್ನೂ ಒಮ್ಮೆ ನೋಡಬೇಕು. ಸಾಧನಕ್ಕೆ ಮುಗಿದದ್ದು ಎಂದರೆ ಕಾರ್ಡ್ ಕೊನೆಯ ಸ್ಥಿತಿಗೆ ಬಂತು ಎಂದು ಮಾತ್ರ. ಜಿರಾದಲ್ಲಿ ಪ್ರತಿ ಸ್ಥಿತಿಯೂ ಮೂರು ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ, ಕೊನೆಯ ವರ್ಗ `Done`. ಕೆಲಸ ಮಾಡಿ ಮುಗಿಸಿದ ಕಾರ್ಡೂ ಅಲ್ಲಿಗೇ ಬರಬಹುದು, 'ಬೇಡವೆಂದು ಬಿಟ್ಟೆವು' ಎಂದು `Won't Do` ಹಾಕಿ ಮುಚ್ಚಿದ ಕಾರ್ಡೂ ಅಲ್ಲಿಗೇ ಬರಬಹುದು. ಪರದೆಗಳ ಎಪಿಕ್‌ನಲ್ಲಿ ಉಳಿದಿದ್ದ 3 ಕಾರ್ಡ್‌ಗಳನ್ನು ನಾವು ಕೈಬಿಟ್ಟಿದ್ದೇವೆ ಎಂದುಕೊಳ್ಳಿ. ಹಾಗೆ ಮುಚ್ಚಿದರೆ ಆ ಸೋಮವಾರದ ಇನಿಷಿಯೇಟಿವ್ 36/46, ಶೇ. 78. ಮುಚ್ಚದೆ ಅಳಿಸಿಬಿಟ್ಟರೆ 33/43, ಶೇ. 77. ಒಂದು ಸಾಲು ಕೋಡ್ ಬರೆಯದೆ ಪಟ್ಟಿ ಐದಾರು ಅಂಕ ಮೇಲೇರಿತು. ಬೇಡದ ಕೆಲಸ ಬಿಡುವುದು ಒಳ್ಳೆಯ ನಿರ್ಧಾರವೇ, ಗುರಿ ನಿಜವಾಗಿಯೂ ಹತ್ತಿರವಾಗಿರುತ್ತದೆ. ಆದರೆ ಆ ಏರಿಕೆಯನ್ನು ತಂಡದ ವೇಗವೆಂದು ಓದಿ ಮುಂದಿನ ದಿನಾಂಕ ಲೆಕ್ಕ ಹಾಕಿದರೆ ಪೆಟ್ಟು ಬೀಳುತ್ತದೆ.

ಹಾಗಾದರೆ ಏನು ನೋಡಬೇಕು? ನಾವು ಮಾಡಿದ್ದು ತೀರ ಸರಳ: ಭಿನ್ನರಾಶಿಯನ್ನು ಭಾಗಿಸುವುದನ್ನು ನಿಲ್ಲಿಸಿದೆವು. ಪ್ರತಿ ಸೋಮವಾರ ಮುಗಿದದ್ದು ಎಷ್ಟು, ಒಟ್ಟು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಬರೆದೆವು. ಎರಡು ಗೆರೆಗಳಾಗಿ ಎಳೆದರೆ ಇದನ್ನೇ ಬರ್ನ್‌ಅಪ್ ನಕ್ಷೆ ಎನ್ನುತ್ತಾರೆ. ಕೆಳಗಿನ ಗೆರೆ ಮುಗಿದ ಕೆಲಸ, ಮೇಲಿನದು ಒಟ್ಟು ಕೆಲಸ, ನಡುವಿನ ಅಂತರವೇ ಉಳಿದಿರುವುದು. ಹಿಂದಿನ ಎರಡು ವಾರಗಳನ್ನೂ ಹುಡುಕಿ ಸೇರಿಸಿದಾಗ ಏಳು ವಾರಗಳ ಲೆಕ್ಕ ಹೀಗಿತ್ತು:

```
ವಾರ    ಮುಗಿದದ್ದು   ಒಟ್ಟು   ಉಳಿದದ್ದು   ಶೇ.
1      20         40     20        50
2      27         43     16        63
3      33         46     13        72
4      37         64     27        58
5      42         70     28        60
6      47         72     25        65
7      53         72     19        74
```

ಇದರಲ್ಲಿ ಮೂರನೆಯ ಮತ್ತು ಏಳನೆಯ ವಾರದ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶೇಕಡಾವಾರು 72 ಮತ್ತು 74, ಬಹುತೇಕ ಒಂದೇ. ಉಳಿದ ಕೆಲಸ 13 ಮತ್ತು 19. ಶೇಕಡಾ ಹೆಚ್ಚಿದೆ, ಉಳಿದದ್ದೂ ಹೆಚ್ಚಿದೆ. ಆದರೂ ಏಳನೆಯ ವಾರದ ಅಂಕಿಯನ್ನು ನಾನು ನಂಬುತ್ತೇನೆ, ಮೂರನೆಯದನ್ನು ನಂಬುವುದಿಲ್ಲ. ಕಾರಣ ಒಟ್ಟು ಕೆಲಸದ ಕಾಲಂನಲ್ಲಿದೆ. ಮೂರನೆಯ ವಾರದವರೆಗೆ ಅದು ಪ್ರತಿ ವಾರ ಮೂರು ಮೂರರಂತೆ ಏರುತ್ತಿತ್ತು. ಏರುತ್ತಿರುವ ಒಟ್ಟು ಎಂದರೆ ಇನ್ನೂ ಹುಡುಕಾಟ ಮುಗಿದಿಲ್ಲ ಎಂದರ್ಥ. ಆರು ಮತ್ತು ಏಳನೆಯ ವಾರದಲ್ಲಿ ಅದು 72ರಲ್ಲೇ ನಿಂತಿತು. ಒಟ್ಟು ನಿಂತ ಮೇಲೆ ವಾರಕ್ಕೆ ಐದಾರು ಕಾರ್ಡ್ ಮುಗಿಯುತ್ತಿವೆ, 19 ಉಳಿದಿವೆ, ಮೂರೂವರೆ ನಾಲ್ಕು ವಾರ ಬೇಕು ಎಂದು ಹೇಳಲು ಧೈರ್ಯ ಬರುತ್ತದೆ. ಇದೇ ಲೆಕ್ಕವನ್ನು ಮೂರನೆಯ ವಾರ ಹಾಕಿದ್ದರೆ 13 ಉಳಿದಿದೆ, ಎರಡು ವಾರ ಸಾಕು ಎಂದಿರುತ್ತಿದ್ದೆವು. ನಿಜವಾಗಿ ಅಂದೆವು ಕೂಡ.

ಒಟ್ಟು ನಿಂತಿತು ಎಂಬುದನ್ನೂ ಕುರುಡಾಗಿ ನಂಬಬಾರದು. ಯಾರೂ ಕಷ್ಟದ ಕಾರ್ಡನ್ನು ತೆರೆಯದೆ ಇದ್ದರೂ ಒಟ್ಟು ಅಲುಗಾಡುವುದಿಲ್ಲ. ಅದಕ್ಕಾಗಿ ಇನಿಷಿಯೇಟಿವ್‌ನ ಸಾಲಿಗೆ ಎರಡು ವಿವರ ಸೇರಿಸಿದೆವು: ಅಂದಾಜೇ ಇಲ್ಲದ ಕಾರ್ಡ್‌ಗಳು ಎಷ್ಟು, ಮತ್ತು ಯಾವ ಎಪಿಕ್ ಅತಿ ಹಿಂದಿದೆ. ಮೇ ತಿಂಗಳ ಆ ಸೋಮವಾರ ಈ ಸಾಲು ಇದ್ದಿದ್ದರೆ ಹೀಗಿರುತ್ತಿತ್ತು: 'ಮುಗಿದದ್ದು 33, ಒಟ್ಟು 46 (ಎರಡು ವಾರದಲ್ಲಿ 6 ಹೆಚ್ಚಿದೆ), ಅಂದಾಜಿಲ್ಲದವು 3, ಅತಿ ಹಿಂದಿರುವುದು ವರ್ಗಾವಣೆ, 4ರಲ್ಲಿ 0.' ಇದನ್ನು ಓದಿದವರು ಕೇಳುವ ಪ್ರಶ್ನೆ ಬೇರೆಯೇ. ಆ ಮೂರು ಕಾರ್ಡ್‌ಗಳಿಗೆ ಅಂದಾಜು ಯಾಕಿಲ್ಲ ಎಂದು ಅವರು ಕೇಳುತ್ತಾರೆ. ಕೇಳಬೇಕಾಗಿದ್ದೂ ಅದೇ.

ಮೇಲಿನವರಿಗೆ ಒಂದೇ ಅಂಕಿ ಬೇಕು ಎಂಬ ಒತ್ತಾಯ ಇದರಿಂದ ಹೋಗುವುದಿಲ್ಲ. ಐದಾರು ಇನಿಷಿಯೇಟಿವ್‌ಗಳನ್ನು ಒಂದೇ ಪುಟದಲ್ಲಿ ನೋಡಬೇಕಾದವರ ಕಷ್ಟ ನನಗೆ ಅರ್ಥವಾಗುತ್ತದೆ. ಅಂಥ ಪುಟಕ್ಕೆ ನಾನು ಈಗ ಎಪಿಕ್‌ಗಳ ಎಣಿಕೆ ಕೊಡುತ್ತೇನೆ: ಮೂರರಲ್ಲಿ ಎಷ್ಟು ಎಪಿಕ್‌ಗಳು ಬಳಕೆಗೆ ಸಿದ್ಧವಾಗಿವೆ? ಪೂರ್ತಿ ಆಗಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ, ಅರ್ಧ ಅಂಕವಿಲ್ಲ. ಯೋಜನಾ ಲೆಕ್ಕ ಮಾಡುವವರು ಇದನ್ನು 0/100 ನಿಯಮ ಎಂದು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಮೇ ತಿಂಗಳಲ್ಲಿ ನಮ್ಮ ಉತ್ತರ 'ಮೂರರಲ್ಲಿ ಸೊನ್ನೆ' ಎಂದಾಗುತ್ತಿತ್ತು. ಶೇ. 72ಕ್ಕಿಂತ ಅದು ಒರಟು, ಆದರೆ ಜೂನ್ 30ಕ್ಕೆ ಬಸ್ ಹೊರಡುವುದೇ ಎಂಬ ಪ್ರಶ್ನೆಗೆ ಹತ್ತಿರದ ಉತ್ತರ. ಎಪಿಕ್‌ಗಳು ತಿಂಗಳುಗಟ್ಟಲೆ ಹಿಡಿಯುವಷ್ಟು ದೊಡ್ಡವಾದರೆ ಈ ನಿಯಮ ಉಪಯೋಗಕ್ಕೆ ಬರುವುದಿಲ್ಲ, ಅಂಕಿ ಬಹುಕಾಲ ಸೊನ್ನೆಯಲ್ಲೇ ಕೂತಿರುತ್ತದೆ. ಆಗ ಎಪಿಕ್‌ಗಳನ್ನೇ ಸಣ್ಣದು ಮಾಡಬೇಕಾಗುತ್ತದೆ.

ಎರಡು ಗೆರೆಗಳ ನಕ್ಷೆಗೂ ಒಂದು ಮಿತಿಯಿದೆ, ಅದನ್ನು ನಾವು ಕೊನೆಯ ವಾರ ಕಂಡೆವು. ಒಟ್ಟು 74 ಕಾರ್ಡ್‌ಗಳಲ್ಲಿ 73 ಮುಗಿದಿದ್ದವು. ಹಳೆಯ ರೋಡ್‌ಮ್ಯಾಪ್‌ನಲ್ಲಿ ಅದು ಶೇ. 99. ಉಳಿದ ಒಂದು ಕಾರ್ಡ್: ಪ್ರಯಾಣಿಕರ ಖಾತೆಯಿಂದ ಯುಪಿಐ ಮೂಲಕ ಹಣ ಕಡಿತವಾಗಿ, ನಮಗೆ ದೃಢೀಕರಣ ಬಾರದೆ, ಸೀಟೂ ಸಿಗದೆ ಹೋದಾಗ ಹಣ ತಾನಾಗಿಯೇ ಹಿಂದಿರುಗುತ್ತದೆಯೇ, ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿ ಕಾಣುತ್ತದೆಯೇ ಎಂದು ನಿಜವಾದ ಹಣದಿಂದ ಪರೀಕ್ಷಿಸುವುದು. ಭಾರತೀಯ ರಿಸರ್ವ್ ಬ್ಯಾಂಕ್ 2019ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಇಂಥ ವ್ಯಾಪಾರಿ ಪಾವತಿ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಗ್ರಾಹಕರ ಖಾತೆಗೆ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೋಡ್ ಬರೆಯುವ ಕೆಲಸ ಎಂದೋ ಮುಗಿದಿತ್ತು. ಎಂಥ ಚುರುಕಾದ ಎಂಜಿನಿಯರ್ ಬಂದರೂ ಆ ಐದು ದಿನಗಳನ್ನು ಮೂರು ಮಾಡಲು ಆಗುತ್ತಿರಲಿಲ್ಲ. ಪಾಯಿಂಟ್ ಶ್ರಮವನ್ನು ಅಳೆಯುತ್ತದೆ, ಕಾಯುವುದನ್ನು ಅಳೆಯುವುದಿಲ್ಲ. ಆ ಕಾರ್ಡಿಗೆ ನಾವು ಕೊಟ್ಟಿದ್ದದ್ದು 2 ಪಾಯಿಂಟ್.

"ಒಂದು ಪರ್ಸೆಂಟ್ ತಾನೇ, ಇವತ್ತು ಸಂಜೆ ತೆರೆದುಬಿಡಬಹುದಲ್ಲ?" ಎಂದು ಒಬ್ಬರು ಕೇಳಿದರು. ಈ ಸಲ ನನ್ನ ಬಳಿ ಉತ್ತರವಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಪರೀಕ್ಷೆಯ ಹಣ ಖಾತೆಗೆ ಮರಳಿತು, ನಮ್ಮ ಲೆಕ್ಕದಲ್ಲಿ ಅದು ಎರಡು ಬಾರಿ ಕಂಡಿತು. ಅದನ್ನು ಸರಿಪಡಿಸಲು 75ನೆಯ ಕಾರ್ಡ್ ಬರೆದೆವು.